ಎಪ್ಪತ್ತರೊಳಗಿನ ಮರುಹಾರೈಕೆ

ಜಗತ್ತಿನ ಮೊದಲ ಎಸ್ಸೆಮ್ಮೆಸ್ ಒಂದು ಹಬ್ಬದ ಶುಭಾಶಯ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪಾಪ್‌ವರ್ತ್ ಎಂಬ ಯುವ ಎಂಜಿನಿಯರ್ ಕಂಪ್ಯೂಟರಿನ ಮುಂದೆ ಕೂತು, ವೊಡಾಫೋನ್ ಕಂಪನಿಯ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ 'ಮೆರಿ ಕ್ರಿಸ್ಮಸ್' ಎಂದು ಕಳಿಸಿದರು. ಹಾರೈಕೆ ತಲುಪಿತು, ಮರುಹಾರೈಕೆ ಮಾತ್ರ ಬರಲಿಲ್ಲ. ಜಾರ್ವಿಸ್ ಕೈಯಲ್ಲಿದ್ದ ಆರ್ಬಿಟೆಲ್ 901 ಫೋನಿನಲ್ಲಿ ಸಂದೇಶ ಓದಬಹುದಿತ್ತೇ ಹೊರತು ಬರೆದು ಕಳಿಸುವ ಸೌಕರ್ಯವೇ ಇರಲಿಲ್ಲ. ಹಾರೈಸುವವನ ಯಂತ್ರ ದೊಡ್ಡದು, ಉತ್ತರಿಸುವವನದು ಚಿಕ್ಕದು. ಈ ಅಂತರ ಇನ್ನೂ ಹೋಗಿಲ್ಲ. ಸೊಸೆಯ ಕೈಯಲ್ಲಿ ಸ್ಮಾರ್ಟ್‌ಫೋನು, ಊರಿನಲ್ಲಿರುವ ಅತ್ತೆಯ ಕೈಯಲ್ಲಿ ಬಟನ್ ಫೋನು. ಅತ್ತೆ ಸಂಕ್ರಾಂತಿಗೆ ಪಕ್ಕದ ಮನೆಯ ಹುಡುಗನಿಂದ ಒಂದು ಸಾಲು ಬರೆಸಿ ಕಳಿಸುತ್ತಾರೆ. ಅದಕ್ಕೆ ಹೇಗೆ ಉತ್ತರ ಬರೆಯಬೇಕು ಎಂಬುದು ಇಲ್ಲಿನ ವಿಷಯ.

ಎಲ್ಲರ ಬಳಿಯೂ ವಾಟ್ಸ್‌ಆ್ಯಪ್ ಇರುವಾಗ ಇದೇನು ಎಂದು ಕೇಳುವವರಿಗೆ ಒಂದೇ ಮಾತು. ಎಲ್ಲರ ಬಳಿಯೂ ಇಲ್ಲ. ಇದ್ದವರಿಗೂ ಹಬ್ಬಕ್ಕೆ ಊರಿಗೆ ಹೋದಾಗ ಕೆಲವೊಮ್ಮೆ ಡೇಟಾ ಸಿಗುವುದಿಲ್ಲ. ಕರೆಗೆ ಸಾಲುವಷ್ಟು ಸಿಗ್ನಲ್ ಇದ್ದರೂ ಎಸ್ಸೆಮ್ಮೆಸ್ ಹೋಗುತ್ತದೆ, ಏಕೆಂದರೆ ಅದಕ್ಕೆ ಇಂಟರ್ನೆಟ್ಟೇ ಬೇಡ.

ಒಂದು ಎಸ್ಸೆಮ್ಮೆಸ್ಸಿನಲ್ಲಿ ಬರಹಕ್ಕೆ ಸಿಗುವ ಜಾಗ 140 ಬೈಟ್. ಇಂಗ್ಲಿಷ್ ಅಕ್ಷರಗಳನ್ನು ಏಳೇಳು ಬಿಟ್‌ಗಳಲ್ಲಿ ಒತ್ತೊತ್ತಾಗಿ ಜೋಡಿಸಿದರೆ ಅಲ್ಲಿ 160 ಅಕ್ಷರ ಹಿಡಿಯುತ್ತವೆ. ಆ 160 ಸಾಕು ಎಂದು 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ತೀರ್ಮಾನಿಸಿದ್ದು ತಮ್ಮ ಟೈಪ್‌ರೈಟರಿನಲ್ಲಿ ಮನಸ್ಸಿಗೆ ಬಂದ ವಾಕ್ಯಗಳನ್ನು ಹೊಡೆದು, ಅಕ್ಷರ ಎಣಿಸಿ ನೋಡಿ. ಆ ಎಣಿಕೆಯಲ್ಲಿ ಕನ್ನಡ ಇರಲಿಲ್ಲ, ಇರಬೇಕಿತ್ತು ಎಂದು ಯಾರೂ ಹೇಳಲಾರರು. ಕನ್ನಡದಲ್ಲಿ ಬರೆದ ಕೂಡಲೇ ಸಂದೇಶ ಬೇರೆ ಲೆಕ್ಕಕ್ಕೆ ಹೋಗುತ್ತದೆ. ಪ್ರತಿಯೊಂದು ಗುರುತಿಗೂ ಎರಡು ಬೈಟ್, ಅಂದರೆ 140 ಬೈಟಿಗೆ 70 ಗುರುತು. ಮೆಸೇಜ್ ಬರೆಯುವ ಜಾಗದ ಮೂಲೆಯಲ್ಲಿ ಎಣಿಕೆ ತೋರಿಸುವ ಫೋನುಗಳಲ್ಲಿ ಮೊದಲ ಕನ್ನಡ ಅಕ್ಷರ ಮೂಡಿದೊಡನೆ 160 ಇದ್ದದ್ದು 70ಕ್ಕೆ ಇಳಿಯುವುದನ್ನು ಕಣ್ಣಾರೆ ನೋಡಬಹುದು.

ಅಕ್ಷರ ಎನ್ನದೆ ಗುರುತು ಎಂದದ್ದಕ್ಕೆ ಕಾರಣವಿದೆ. ನಾವು ಒಂದು ಅಕ್ಷರ ಎಂದು ಓದುವುದನ್ನು ಯಂತ್ರ ಬಿಡಿಸಿ ಎಣಿಸುತ್ತದೆ. 'ನಿ' ನಮಗೆ ಒಂದು, ಅದಕ್ಕೆ ನಕಾರ ಒಂದು, ಗುಡಿಸು ಒಂದು, ಒಟ್ಟು ಎರಡು. 'ಕ್ರಾಂ' ನಮಗೆ ಒಂದು, ಅದಕ್ಕೆ ಕ, ವಿರಾಮ, ರ, ದೀರ್ಘ, ಸೊನ್ನೆ ಸೇರಿ ಐದು. ಕೆಲವೊಮ್ಮೆ ಕಣ್ಣಿಗೆ ಕಾಣದ್ದಕ್ಕೂ ಲೆಕ್ಕ ಬೀಳುತ್ತದೆ: 'ಫೋನ್‌ಗೆ' ಎಂದು ಒತ್ತಕ್ಷರ ಆಗದಂತೆ ಬಿಡಿಸಿ ಬರೆದರೆ ನಡುವೆ ಒಂದು ಅದೃಶ್ಯ ಗುರುತು ಕೂತಿರುತ್ತದೆ, ಅದೂ ಎಪ್ಪತ್ತರಲ್ಲಿ ಒಂದು.

ಈಗ ನಾವೆಲ್ಲ ಯೋಚನೆ ಮಾಡದೆ ಬರೆಯುವ ಒಂದು ಉತ್ತರವನ್ನು ತೆಗೆದುಕೊಳ್ಳೋಣ. ಬರೆಯುವವಳು ರೂಪಾ ಎಂದಿಟ್ಟುಕೊಳ್ಳಿ.

"ನಿಮಗೂ ನಿಮ್ಮ ಕುಟುಂಬದವರೆಲ್ಲರಿಗೂ ಮಕರ ಸಂಕ್ರಾಂತಿ ಹಬ್ಬದ ಹಾರ್ದಿಕ ಶುಭಾಶಯಗಳು. ರೂಪಾ"

ಹೆಸರನ್ನು ಬಿಟ್ಟರೆ ಇಲ್ಲಿ ಓದುವವರ ಕಣ್ಣಿಗೆ ಇರುವುದು ಮೂವತ್ತೆರಡು ಅಕ್ಷರ. ಯಂತ್ರದ ಲೆಕ್ಕದಲ್ಲಿ ಅವು 60 ಗುರುತು. ಪದಗಳ ನಡುವಿನ ಏಳು ಖಾಲಿ ಜಾಗ, ಒಂದು ಪೂರ್ಣವಿರಾಮ ಸೇರಿ 68. ಎರಡು ಉಳಿಯಿತು ಎನ್ನುವಷ್ಟರಲ್ಲಿ ಒಂದು ಖಾಲಿ ಜಾಗ ಮತ್ತು 'ರೂಪಾ' ಸೇರಿ 73 ಆಗುತ್ತದೆ. ಮೂರು ಹೆಚ್ಚಾಯಿತು, ಸಂದೇಶ ಎರಡಾಯಿತು.

ಎರಡಾದಾಗ ಇನ್ನೊಂದು ನಷ್ಟವಿದೆ. ತುಂಡುಗಳನ್ನು ಆಚೆ ಕಡೆ ಮತ್ತೆ ಜೋಡಿಸಲು ಪ್ರತಿ ತುಂಡಿನ ತಲೆಯ ಮೇಲೂ ಆರು ಬೈಟಿನ ಚೀಟಿ ಅಂಟಿಸಬೇಕು: ಇದು ಯಾವ ಸಂದೇಶದ ತುಂಡು, ಒಟ್ಟು ಎಷ್ಟು, ಇದು ಎಷ್ಟನೆಯದು. ಆ ಜಾಗ ಬರಹದ್ದೇ. ಹಾಗಾಗಿ ತುಂಡೊಂದಕ್ಕೆ 70ರ ಬದಲು 67 ಗುರುತು ಮಾತ್ರ. ರೂಪಾಳ ಸಂದೇಶದಲ್ಲಿ ಅರವತ್ತೇಳನೆಯ ಗುರುತು ಬೀಳುವುದು 'ಶುಭಾಶಯಗಳು' ಎಂಬಲ್ಲಿನ ಕೊನೆಯ ಕೊಂಬಿನ ಮೇಲೆ. ಎರಡನೆಯ ತುಂಡಿಗೆ ಉಳಿಯುವುದು ಒಂದು ಪೂರ್ಣವಿರಾಮ, ಒಂದು ಖಾಲಿ ಜಾಗ, ಅವಳ ಹೆಸರು. ತುಂಡುಗಳನ್ನು ಜೋಡಿಸಲು ಬಾರದ ಹಳೆಯ ಫೋನಿನಲ್ಲಿ ಅತ್ತೆಗೆ ಮೊದಲು ಯಾರದೆಂದು ಗೊತ್ತಾಗದ ಶುಭಾಶಯ ಒಂದು, ಆಮೇಲೆ ". ರೂಪಾ" ಎಂಬ ಇನ್ನೊಂದು ಸಂದೇಶ. ಇವೆರಡೂ ಇದೇ ಕ್ರಮದಲ್ಲಿ ಬರಬೇಕೆಂದೂ ಇಲ್ಲ, ಹಬ್ಬದ ದಿನ ಜಾಲ ಕಿಕ್ಕಿರಿದಾಗ ಹೆಸರು ಮುಂದೆ ಬಂದು ಹಾರೈಕೆ ಹಿಂದೆ ಬರಬಹುದು.

ದುಡ್ಡೂ ಎರಡರಷ್ಟು. ನಮ್ಮ ಮೊಬೈಲ್ ಕಂಪನಿಗಳು ಹಬ್ಬದ ದಿನಗಳನ್ನು 'ಬ್ಲ್ಯಾಕ್‌ಔಟ್ ದಿನ' ಎಂದು ಕರೆದು, ಅಂದು ಎಸ್ಸೆಮ್ಮೆಸ್ ಪ್ಯಾಕ್ ನಡೆಯುವುದಿಲ್ಲ ಎಂದು ಪೂರ್ತಿ ದರ ಹಾಕುತ್ತಿದ್ದ ಕಾಲ ಓದುಗರಿಗೆ ನೆನಪಿರಬಹುದು. ಆಗ ಆ ಪೂರ್ಣವಿರಾಮ ಮತ್ತು ಹೆಸರಿಗಾಗಿ ಇನ್ನೊಂದು ರೂಪಾಯಿ ಹೋಗುತ್ತಿತ್ತು.

ಬಟನ್ ಫೋನಿನ ಇನ್ನೊಂದು ಬಿಕ್ಕಟ್ಟು ಸ್ಥಳದ್ದು. ಬಹಳ ಹಳೆಯ ಫೋನುಗಳು ಸಂದೇಶಗಳನ್ನು ಸಿಮ್ಮಿನಲ್ಲೇ ಇಟ್ಟುಕೊಳ್ಳುತ್ತವೆ, ಅಲ್ಲಿ ಇರುವುದು ಬೆರಳೆಣಿಕೆಯ ಖಾನೆಗಳು. ಎರಡು ತುಂಡಿನ ಸಂದೇಶ ಎರಡು ಖಾನೆ ಹಿಡಿಯುತ್ತದೆ. ಖಾನೆ ತುಂಬಿದರೆ ಪರದೆಯ ಮೇಲೆ ಲಕೋಟೆಯ ಚಿತ್ರ ಮಿನುಗತೊಡಗುತ್ತದೆ, ಮುಂದಿನ ಸಂದೇಶ ಕಂಪನಿಯ ಕೇಂದ್ರದಲ್ಲೇ ಕಾಯುತ್ತದೆ, ಅವಧಿ ಮುಗಿದರೆ ಅಳಿದುಹೋಗುತ್ತದೆ. ಹಬ್ಬದ ದಿನ ಉದ್ದನೆಯ ಹಾರೈಕೆಗಳು ಜಾಗ ಹಿಡಿದು ಕೂತಿದ್ದರಿಂದ ಮಗ ಬಸ್ ಹತ್ತಿದ ಸುದ್ದಿ ಬಾರದೇ ಹೋಗುವುದು ಹೀಗೆ.

ಹಾಗಾದರೆ ಏನನ್ನು ಕಡಿಯಬೇಕು? ಜನ ಸಾಮಾನ್ಯವಾಗಿ ಕಡಿಯುವುದು ಹೆಸರನ್ನು, ಇಲ್ಲವೇ ಕನ್ನಡವನ್ನೇ. ನನ್ನ ಪ್ರಕಾರ ಎರಡೂ ತಪ್ಪು. ಕಡಿಯಬೇಕಾದದ್ದು ಮುದ್ರಿತ ಶುಭಾಶಯ ಪತ್ರದಿಂದ ನಮ್ಮ ಬಾಯಿಗೆ ಬಂದ ಅಲಂಕಾರವನ್ನು. 'ಹಾರ್ದಿಕ' ಎಂಬ ಒಂದು ಪದ ತನ್ನ ಖಾಲಿ ಜಾಗದೊಂದಿಗೆ ಎಂಟು ಗುರುತು ತಿನ್ನುತ್ತದೆ. ಬಾಗಿಲಲ್ಲಿ ಎದುರಾದ ನೆಂಟರಿಗೆ ಯಾರೂ ಹಾರ್ದಿಕ ಎನ್ನುವುದಿಲ್ಲ. 'ಮಕರ' ಬೇಡ, ಜನವರಿಯಲ್ಲಿ ಬರುವ ಸಂಕ್ರಾಂತಿ ಯಾವುದೆಂದು ಎಲ್ಲರಿಗೂ ಗೊತ್ತು. ಸಂಕ್ರಾಂತಿ ಎಂದ ಮೇಲೆ 'ಹಬ್ಬದ' ಬೇಡ. 'ನಿಮ್ಮ ಕುಟುಂಬದವರೆಲ್ಲರಿಗೂ' ಎಂಬ 23 ಗುರುತಿನ ಕೆಲಸವನ್ನು 'ಮನೆಯವರಿಗೂ' ಎಂಬ ಒಂಬತ್ತು ಗುರುತು ಮಾಡುತ್ತದೆ, ಇನ್ನೂ ಹತ್ತಿರದ ದನಿಯಲ್ಲಿ ಮಾಡುತ್ತದೆ.

"ನಿಮಗೂ ಮನೆಯವರಿಗೂ ಸಂಕ್ರಾಂತಿ ಶುಭಾಶಯ."

ಇದು 33. ಅರ್ಧಕ್ಕಿಂತ ಹೆಚ್ಚು ಜಾಗ ಉಳಿಯಿತು. ಈ ಉಳಿತಾಯ ಬಾಯಿ ಮುಚ್ಚಿಕೊಳ್ಳುವುದಕ್ಕಲ್ಲ, ನಮ್ಮದೇ ಒಂದು ಮಾತು ಹೇಳುವುದಕ್ಕೆ.

"ನಿಮಗೂ ಮನೆಯವರಿಗೂ ಸಂಕ್ರಾಂತಿ ಶುಭಾಶಯ. ಎಳ್ಳು ಬೀರೋಕೆ ಸಂಜೆ ಬರ್ತೀವಿ. ರೂಪಾ"

ಒಟ್ಟು 65, ಒಂದೇ ಸಂದೇಶ, ಐದು ಮಿಕ್ಕಿದೆ. ಮೊದಲಿನದನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದಿತ್ತು. ಇದನ್ನು ಈ ಸಂಜೆ ಬರಲಿರುವವಳು ಮಾತ್ರ ಕಳಿಸಬಲ್ಲಳು. ಮರುಹಾರೈಕೆಗೆ ಇರುವ ಕೆಲಸ ಮೂರೇ: ನಿಮ್ಮದು ತಲುಪಿತು ಎನ್ನುವುದು, ನಾನು ಇಂಥವಳು ಎನ್ನುವುದು, ನೀವು ನೆನಪಿದ್ದೀರಿ ಎಂದು ತೋರಿಸುವುದು. ಅಲಂಕಾರ ಈ ಮೂರರಲ್ಲಿ ಯಾವುದನ್ನೂ ಮಾಡುವುದಿಲ್ಲ.

ಹಿರಿಯರಿಗೆ ಇಷ್ಟು ಚಿಕ್ಕದಾಗಿ ಬರೆದರೆ ಮರ್ಯಾದೆ ಕಡಿಮೆಯಾಗುವುದಿಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಕನ್ನಡದಲ್ಲಿ ಮರ್ಯಾದೆ ಇರುವುದು ವಿಶೇಷಣಗಳಲ್ಲಿ ಅಲ್ಲ, ಕರೆಯುವ ರೀತಿಯಲ್ಲಿ. ಹಿರಿಯರು ಹರಸಿದರೆ ಕಿರಿಯರು ಅದನ್ನೇ ತಿರುಗಿಸಿ ಕೊಡುವುದೂ ನಮ್ಮ ರೂಢಿಯಲ್ಲ, ಕೈಮುಗಿಯುವುದು ರೂಢಿ. ಹಾಗಾಗಿ ಅತ್ತೆಗೆ ಶುಭಾಶಯವನ್ನೇ ಬಿಟ್ಟು ಹೀಗೆ ಬರೆಯಬಹುದು:

"ಅತ್ತೆ, ನಮಸ್ಕಾರ. ನಿಮ್ಮ ಹಾರೈಕೆ ತಲುಪಿತು. ಎಳ್ಳು ಬೀರೋಕೆ ಸಂಜೆ ಬರ್ತೀವಿ. ರೂಪಾ"

ಇದು 69. ಸಂಬಂಧ, ನಮಸ್ಕಾರ, ಕೃತಜ್ಞತೆ, ಸುದ್ದಿ, ಹೆಸರು ಎಲ್ಲವೂ ಒಂದೇ ಸಂದೇಶದೊಳಗೆ. 'ಹಾರ್ದಿಕ'ವನ್ನು ಇಟ್ಟುಕೊಂಡವರು ಈ ಐದರಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿರುತ್ತಾರೆ.

ಇನ್ನು ಕನ್ನಡವನ್ನೇ ಬಿಟ್ಟು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವ ವಿಷಯ. ಶುಭಾಶಯದಿಂದ ಶುರುವಾಗುವ ಆ 65ರ ಸಂದೇಶವನ್ನೇ ಹಾಗೆ ಬರೆದು ನೋಡೋಣ.

```
Nimagu maneyavarigu Sankranti shubhashaya. Ellu biroke sanje bartivi. Rupa
```

ಎಣಿಸಿದರೆ ಇದು 74. ಕನ್ನಡ ಲಿಪಿಯದಕ್ಕಿಂತ ಒಂಬತ್ತು ಹೆಚ್ಚು! ಎಣಿಕೆಯಲ್ಲಿ ಕನ್ನಡವೇ ಅಡಕ, ಇಕ್ಕಟ್ಟು ಇರುವುದು ತೂಕದಲ್ಲಿ. ಕನ್ನಡದ 65 ಗುರುತು 130 ಬೈಟ್ ಹಿಡಿದರೆ, ಈ 74 ಅಕ್ಷರ ಏಳೇಳು ಬಿಟ್ಟಿನಂತೆ ಅಡಕವಾಗಿ 65 ಬೈಟಿನಲ್ಲಿ ಕೂರುತ್ತವೆ, ಸರಿಯಾಗಿ ಅರ್ಧ. ಆ ಅನುಕೂಲ ನಿಜ. ಆದರೆ ಮೇಲೆ ನೋಡಿದಂತೆ ಒಂದು ಮರುಹಾರೈಕೆಗೆ ಎಪ್ಪತ್ತೇ ಸಾಕಾಗುವಾಗ, ಬೇಡದ ಜಾಗ ಉಳಿಸಲು ಓದುವವರಿಗೆ ತೊಂದರೆ ಕೊಡುವುದೇಕೆ? ಶಾಲೆಯಲ್ಲಿ ಕನ್ನಡ ಮಾತ್ರ ಕಲಿತವರಿಗೆ ಈ ಸಾಲನ್ನು ಬೇರೆಯವರೇ ಓದಿ ಹೇಳಬೇಕು.

ಅದೂ ಅಲ್ಲದೆ ಇಂಗ್ಲಿಷ್ ಲಿಪಿಯ ಅನುಕೂಲ ಬಲು ಬೇಗ ಕೈಜಾರುತ್ತದೆ. ಈ 74 ಅಕ್ಷರಗಳ ಕೊನೆಗೆ ಒಂದು 🙏 ಸೇರಿಸಿ ನೋಡಿ. ಹಳೆಯ ಏಳು ಬಿಟ್ಟಿನ ಪಟ್ಟಿಯಲ್ಲಿ ಆ ಚಿತ್ರ ಇಲ್ಲ. ಅದೊಂದಕ್ಕಾಗಿ ಇಡೀ ಸಂದೇಶ ಎರಡು ಬೈಟಿನ ಲೆಕ್ಕಕ್ಕೆ ಬದಲಾಗುತ್ತದೆ, ಮಿತಿ 160ರಿಂದ 70ಕ್ಕೆ ಕುಸಿಯುತ್ತದೆ. ಕೈಮುಗಿದ ಚಿತ್ರವಂತೂ ಎರಡು ಗುರುತಿನ ಜಾಗ ಹಿಡಿಯುತ್ತದೆ. 74 ಇದ್ದದ್ದು 76, ಮಿತಿ 70, ಸಂದೇಶ ಎರಡು ತುಂಡು. ಇಷ್ಟಾಗಿ ಅತ್ತೆಯ ಫೋನಿನಲ್ಲಿ ಆ ಚಿತ್ರ ಮೂಡುವುದು ಖಾಲಿ ಡಬ್ಬಿಯಾಗಿ. ಸ್ಮಾರ್ಟ್‌ಫೋನಿನಲ್ಲಿ ತಾನಾಗಿಯೇ ಬಾಗಿಕೊಳ್ಳುವ ಉದ್ಧರಣ ಚಿಹ್ನೆ, ನಮ್ಮ ರೂಪಾಯಿ ಚಿಹ್ನೆ, ಇವೂ ಇದೇ ಕಿತಾಪತಿ ಮಾಡುತ್ತವೆ. ವಾಟ್ಸ್‌ಆ್ಯಪ್‌ನಿಂದ ನಕಲು ಮಾಡಿ ಅಂಟಿಸಿದ ಹಾರೈಕೆಯಲ್ಲಿ ದಪ್ಪಕ್ಷರಕ್ಕೆಂದು ಹಾಕಿದ ನಕ್ಷತ್ರಗಳು ನಕ್ಷತ್ರಗಳಾಗಿಯೇ ಹೋಗಿ ಕೂರುತ್ತವೆ.

ಇಂಗ್ಲಿಷ್ ಲಿಪಿಗೆ ನ್ಯಾಯವಾದ ಕಾರಣ ಒಂದೇ: ಆಚೆಯ ಫೋನಿಗೆ ಕನ್ನಡ ಬರುವುದಿಲ್ಲ. ಅದನ್ನು ಊಹಿಸಬೇಕಿಲ್ಲ, ಕೇಳಿದರೆ ತಿಳಿಯುತ್ತದೆ, ಏಕೆಂದರೆ ಪ್ರತಿ ದೋಷಕ್ಕೂ ಅದರದೇ ಮುಖವಿದೆ. "ಬರೀ ಡಬ್ಬಿ ಡಬ್ಬಿ ಬಂದಿದೆ" ಎಂದರೆ ಸಂದೇಶ ಸರಿಯಾಗಿಯೇ ತಲುಪಿದೆ, ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲ. ಅಂಥ ಫೋನಿಗೆ ಇಂಗ್ಲಿಷ್ ಲಿಪಿಯೇ ಗತಿ. "ಬರೀ ಪ್ರಶ್ನಾರ್ಥಕ ಚಿಹ್ನೆ" ಎಂದರೆ ಅಕ್ಷರಗಳು ದಾರಿಯಲ್ಲೇ ಕಳೆದಿವೆ. ಕಳಿಸಿದ ಆ್ಯಪ್ಪೋ ನಡುವಿನ ಯಾವುದೋ ಯಂತ್ರವೋ ಕನ್ನಡವನ್ನು ಏಳು ಬಿಟ್ಟಿಗೆ ತುರುಕಲು ಹೋಗಿ ಕೆಡಿಸಿದೆ. ಇದರಲ್ಲಿ ಅತ್ತೆಯ ಫೋನಿನ ತಪ್ಪಿಲ್ಲ, ಬೇರೆ ಫೋನಿನಿಂದ ಕಳಿಸಿದರೆ ಸರಿಹೋಗಬಹುದು. ಮೂರನೆಯದು ವಿಚಿತ್ರ. ಕನ್ನಡ ಕಾಣುತ್ತದೆ, ಆದರೆ ಮುರಿದು ಕಾಣುತ್ತದೆ: 'ಸಂಕ್ರಾಂತಿ' ಎಂಬುದು 'ಸಂಕ್‌ರಾಂತಿ' ಎಂದು. ಅಂದರೆ ಫೋನಿನಲ್ಲಿ ಅಕ್ಷರಗಳಿವೆ, ಒತ್ತುಗಳನ್ನು ಕೂಡಿಸಿ ಬರೆಯುವ ವಿದ್ಯೆ ಇಲ್ಲ. ಇಂಥ ಫೋನಿಗೆ ಕನ್ನಡವನ್ನು ಬಿಡಬೇಕಿಲ್ಲ, ಒತ್ತಕ್ಷರ ಕಡಿಮೆ ಇರುವ ಪದ ಆರಿಸಿಕೊಂಡರೆ ಸಾಕು. 'ಶುಭಾಶಯ'ದಲ್ಲಿ ಒತ್ತಿಲ್ಲ, 'ಹಾರ್ದಿಕ'ದಲ್ಲಿ ಅರ್ಕಾವೊತ್ತು ಇದೆ (ಅದನ್ನು ಬಿಡಲು ಇನ್ನೊಂದು ನೆಪ ಸಿಕ್ಕಿತು). 'ಬರ್ತೀವಿ' ಬದಲು 'ಬರುವೆವು' ಎಂದರೆ ಎರಡಕ್ಕೂ ಏಳೇ ಗುರುತು. ಸ್ವಲ್ಪ ಪಠ್ಯಪುಸ್ತಕದಂತೆ ಕೇಳಿಸುತ್ತದೆ, ಆದರೆ ಮುರಿಯದೆ ತಲುಪುತ್ತದೆ.

ಎದುರಿನವರು ಮತ್ತೆ ಉತ್ತರಿಸಬೇಕಾದ ಪ್ರಶ್ನೆಯನ್ನು ಮರುಹಾರೈಕೆಯಲ್ಲಿ ಹಾಕಬಾರದು ಎಂಬುದು ನನ್ನ ಇನ್ನೊಂದು ಪಟ್ಟು. ಬಟನ್ ಫೋನಿನಲ್ಲಿ `shubhashaya` ಎಂದು ಒಂದೊಂದೇ ಅಕ್ಷರ ಒತ್ತಿ ಬರೆಯಲು 24 ಸಲ ಗುಂಡಿ ಒತ್ತಬೇಕು. 's' ಒಂದಕ್ಕೇ ಏಳರ ಗುಂಡಿಯನ್ನು ನಾಲ್ಕು ಸಲ, ಅದು ಪದದಲ್ಲಿ ಎರಡು ಬಾರಿ ಬರುತ್ತದೆ. ಪದ ಊಹಿಸುವ ಸೌಕರ್ಯ ಇಂಗ್ಲಿಷ್ ನಿಘಂಟನ್ನು ಮಾತ್ರ ಬಲ್ಲದು, ಶುಭಾಶಯ ಅದಕ್ಕೆ ಗೊತ್ತಿಲ್ಲ. "ಹಬ್ಬ ಹೇಗಾಯಿತು, ಏನೇನು ಮಾಡಿದ್ರಿ?" ಎಂದು ಸೊಸೆ ಸಲೀಸಾಗಿ ಬರೆದು ಕಳಿಸಿದರೆ ಅತ್ತೆ ಎಳ್ಳಿನ ತಟ್ಟೆ ಪಕ್ಕಕ್ಕಿಟ್ಟು ನೂರಾರು ಸಲ ಗುಂಡಿ ಒತ್ತುತ್ತಾ ಕೂರಬೇಕು. ಆ ಪ್ರಶ್ನೆ ಕರೆ ಮಾಡಿ ಕೇಳುವಂಥದ್ದು.

ಸಂಘ ಸಂಸ್ಥೆಗಳು ಸದಸ್ಯರಿಗೆ ಒಟ್ಟಾಗಿ ಕಳಿಸುವ ಮರುಹಾರೈಕೆಗೂ ಇದೇ ಲೆಕ್ಕ. ಅವರಲ್ಲಿ ಕಾಣುವ ತಪ್ಪು ಒಂದೇ: ಮಾದರಿ ಸಂದೇಶವನ್ನು 'ಉಮಾ' ಎಂಬ ಹೆಸರು ಹಾಕಿ ಪರೀಕ್ಷಿಸುತ್ತಾರೆ, ಅದು ಮೂರು ಗುರುತು. 'ವೆಂಕಟಸುಬ್ಬಲಕ್ಷ್ಮಿ' ಹದಿನೇಳು. ಉಮಾ ಅವರಿಗೆ ಒಂದೇ ಸಂದೇಶವಾಗಿ ಹೋದದ್ದು ಇವರಿಗೆ ಎರಡಾಗುತ್ತದೆ. ಪಟ್ಟಿಯಲ್ಲಿರುವ ಅತಿ ಉದ್ದದ ಹೆಸರಿನಿಂದ ಅಳೆದು ಬರೆಯಬೇಕು.

ಇಷ್ಟೆಲ್ಲ ಹೊಂದಾಣಿಕೆಯನ್ನು ಬರೆಯುವವರೇ ಏಕೆ ಮಾಡಿಕೊಳ್ಳಬೇಕು ಎಂದು ಕೇಳುವುದೂ ಸರಿಯೇ. ಎಪ್ಪತ್ತು ಎಂಬುದು ದೈವಲಿಖಿತವೇನಲ್ಲ. ಎಸ್ಸೆಮ್ಮೆಸ್ಸಿನ ಅಂತರರಾಷ್ಟ್ರೀಯ ಮಾನದಂಡಕ್ಕೆ ಮೊದಲು ಟರ್ಕಿಯ ಭಾಷೆಗೆ, ಆಮೇಲೆ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಿಗೆ ಪ್ರತ್ಯೇಕ ಏಳು ಬಿಟ್ಟಿನ ಪಟ್ಟಿಗಳು ಸೇರಿದವು. ಸಂದೇಶದ ತಲೆಯಲ್ಲಿ 'ಇದನ್ನು ಕನ್ನಡದ ಪಟ್ಟಿ ಹಿಡಿದು ಓದು' ಎಂಬ ಪುಟ್ಟ ಸೂಚನೆ ಇಟ್ಟರೆ ಅದೇ 140 ಬೈಟಿನಲ್ಲಿ 150ಕ್ಕೂ ಹೆಚ್ಚು ಕನ್ನಡ ಗುರುತು ಹಿಡಿಯುತ್ತವೆ. ಕಾಗದದ ಮೇಲೆ ಕನ್ನಡಕ್ಕೆ ಹೆಚ್ಚುಕಡಿಮೆ ಸಮಪಾಲು ಸಿಕ್ಕಿದೆ. ಆದರೆ ಈ ಏರ್ಪಾಟಿಗೆ ಕಳಿಸುವ ಫೋನು, ಪಡೆಯುವ ಫೋನು ಎರಡಕ್ಕೂ ಆ ಪಟ್ಟಿ ಗೊತ್ತಿರಬೇಕು. ಗೊತ್ತಿಲ್ಲದ ಹಳೆಯ ಫೋನು ಸೂಚನೆಯನ್ನು ಕಡೆಗಣಿಸಿ, ಆ ಅಂಕಿಗಳನ್ನೇ ತನ್ನ ಮಾಮೂಲಿ ಇಂಗ್ಲಿಷ್ ಪಟ್ಟಿಯಲ್ಲಿ ಹುಡುಕಿ ಅರ್ಥವಿಲ್ಲದ ಅಕ್ಷರಗಳ ಸಾಲು ತೋರಿಸುತ್ತದೆ. ಇಕ್ಕಟ್ಟಿನಲ್ಲಿರುವುದೇ ಹಳೆಯ ಫೋನು, ಪರಿಹಾರ ಕೆಲಸ ಮಾಡುವುದು ಹೊಸ ಫೋನಿನಲ್ಲಿ! ಹೊಸ ಫೋನಿನವರಿಗೆ ಆ ಹೊತ್ತಿಗೆ ವಾಟ್ಸ್‌ಆ್ಯಪ್ ಇತ್ತು. 2016ರಲ್ಲಿ ಭಾರತೀಯ ಮಾನಕ ಬ್ಯೂರೋ ಮೊಬೈಲ್ ಫೋನುಗಳು ಭಾರತೀಯ ಭಾಷೆಗಳನ್ನು ಓದಲು ಬರುವಂತೆ ತೋರಿಸಬೇಕೆಂದು ಮಾನದಂಡ ತಂದಿತು. ಡಬ್ಬಿಗಳ ಕಾಟಕ್ಕೆ ಅದು ಸರಿಯಾದ ಮದ್ದು, ಆದರೆ ಅದು ಆಮೇಲಿನ ಫೋನುಗಳಿಗೆ. ಅತ್ತೆಯ ಫೋನಿಗೆ ಬ್ಯಾಟರಿ ಬದಲಾಗಿದೆಯೇ ಹೊರತು ಫೋನು ಬದಲಾಗಿಲ್ಲ.

ಹಳೆಯ ಫೋನನ್ನು ತಿದ್ದಲಾಗದು, ಬಿಲ್ಲನ್ನು ತಿದ್ದಬಹುದು. ಇಂಗ್ಲಿಷಿನಲ್ಲಿ ಬರೆದವರಿಗೆ ಒಂದು ಸಂದೇಶದ ಬೆಲೆಗೆ 160 ಅಕ್ಷರ ಕೊಡುವ ಕಂಪನಿಗಳು, ಭಾರತೀಯ ಲಿಪಿಗಳಲ್ಲಿ ಬರೆದವರಿಗೆ ಎರಡು ತುಂಡು ಸೇರಿದ 134 ಗುರುತನ್ನು ಒಂದೇ ಸಂದೇಶವೆಂದು ಲೆಕ್ಕ ಹಾಕಬೇಕು. ಜಾಲದ ಮೇಲೆ ಎರಡು ಸಂದೇಶದ ಭಾರ ಬೀಳುವುದು ನಿಜ, ಆದರೆ ಆ ಭಾರ ಬಂದದ್ದು ಬರೆಯುವವರ ದುಂದಿನಿಂದಲ್ಲ, ಅವರನ್ನು ಬಿಟ್ಟು ಮಾಡಿದ ಲೆಕ್ಕದಿಂದ. ಟ್ರಾಯ್ ಒಂದು ಆದೇಶದಿಂದ ಮಾಡಬಹುದಾದ ಕೆಲಸವಿದು. ಅದು ಆಗುವ ತನಕ, ಮುಂದಿನ ಹಬ್ಬಕ್ಕೆ ಬಟನ್ ಫೋನಿನ ಯಾರಿಗಾದರೂ ಉತ್ತರ ಬರೆಯುವಾಗ ಮೂಲೆಯ ಎಣಿಕೆ ನೋಡಿಕೊಳ್ಳಿ. ಎಪ್ಪತ್ತು ದಾಟಿದರೆ 'ಹಾರ್ದಿಕ'ವನ್ನು ಅಳಿಸಿ, ನಿಮ್ಮ ಹೆಸರನ್ನು ಅಳಿಸಬೇಡಿ.